ಬಾಳು ಮೂರು ದಿನದ್ದು, ಆದ್ದರಿಂದ…

ಕಳೆದ ವರ್ಷ ನಮ್ಮ ಚಿಕ್ಕಪ್ಪನವರ ಏಳನೇ ದಿನದ ಪೂಜೆ ನಡೆಯಿತು. ದೇವಾಲಯದಲ್ಲಿ ತಮಿಳು ಪೂಜೆ ಮುಗಿದು ಕನ್ನಡ ಪೂಜೆ ಆಗುವಷ್ಟರಲ್ಲಿ ಬಿಸಿಲೇರಿತ್ತು. ಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದಾಗ ನೆಂಟರೊಬ್ಬರು ಚಿಕ್ಕಮ್ಮನ ಪಕ್ಕ ಬಂದು ಕುಳಿತರು. "ಅತ್ತಿಗೆ, ಬಾಳು ಮೂರು ದಿನದ್ದು. ನಾಳೆ ನಾನಿರ್ತೀನೋ ನೀವಿರ್ತೀರೋ. ಪತ್ರ ತಂದಿದ್ದೀನಿ, ಇವತ್ತೇ ಒಂದು ಸಹಿ ಹಾಕಿಬಿಡಿ" ಎಂದರು. ಊಟವಾದ ಮೇಲೆ ಪಕ್ಕದ ಬೀದಿಯ ಹಿರಿಯರೊಬ್ಬರು ಬಂದರು. ಅವರು ಶುರುಮಾಡಿದ್ದೂ ಅದೇ ಮಾತಿನಿಂದ. "ತಾಯಿ, ಬಾಳು ಮೂರು ದಿನದ್ದು. ನಿಮ್ಮ ಯಜಮಾನ್ರ ಹತ್ರ ನಾಲ್ಕು ಸಾವಿರ ಕೈಸಾಲ ತಗೊಂಡಿದ್ದೆ. ಚೀಟಿ ಗೀಟಿ ಏನೂ ಇಲ್ಲ. ಇಟ್ಕೊಳ್ಳಿ" ಎಂದು ಜೇಬಿನಿಂದ ಹಣ ತೆಗೆದರು.

ಒಂದೇ ಮಾತಿನಿಂದ ಎರಡು ಬೇರೆ ಬೇರೆ ಕೆಲಸಗಳು ಹೇಗೆ ಹುಟ್ಟಿದವು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಯುರೋಪಿನ ಕಾವ್ಯದಲ್ಲಿ ಈ ಮಾತಿಗೆ ಎರಡು ಹಳೆಯ ಲ್ಯಾಟಿನ್ ಹೆಸರುಗಳಿವೆ. ಒಂದು 'ಕಾರ್ಪೆ ದಿಯೆಮ್', ಅಂದರೆ ದಿನವನ್ನು ಕೊಯ್ದುಕೋ. ಇನ್ನೊಂದು 'ಮೆಮೆಂಟೊ ಮೋರಿ', ಅಂದರೆ ಸಾಯುತ್ತೀಯೆಂಬುದನ್ನು ನೆನೆ. ಮೊದಲನೆಯದನ್ನು ಭೋಗಿಗಳ ಮಾತೆಂದೂ ಎರಡನೆಯದನ್ನು ಭಕ್ತರ ಮಾತೆಂದೂ ನಾವು ಸುಲಭವಾಗಿ ಬೇರೆ ಮಾಡಿಬಿಡುತ್ತೇವೆ. ಆದರೆ ಆ ಪದ್ಯಗಳನ್ನು ಓದಿದರೆ ವಿಷಯ ಅಷ್ಟು ಸುಲಭವಲ್ಲ.

ಮೊದಲ ಮಾತನ್ನು ಹೇಳಿದವನು ರೋಮಿನ ಕವಿ ಹೊರಾಸ್. ಕ್ರಿಸ್ತಪೂರ್ವ 23ರ ಸುಮಾರಿಗೆ ಹೊರಬಂದ ಅವನ ಗೀತೆಗಳಲ್ಲಿ ಇದು ಎಂಟೇ ಸಾಲಿನ ಪದ್ಯ. ಲ್ಯೂಕೊನೊಯೆ ಎಂಬ ಹೆಣ್ಣು ತನ್ನ ಆಯುಷ್ಯ ಎಷ್ಟೆಂದು ತಿಳಿಯಲು ಬಾಬಿಲೋನಿನ ಜ್ಯೋತಿಷ್ಯದ ಲೆಕ್ಕ ನೋಡುತ್ತಿದ್ದಾಳೆ. ಅದನ್ನು ಬಿಡು, ದ್ರಾಕ್ಷಾರಸ ಸೋಸು, ದೂರದ ಆಸೆಯನ್ನು ಕತ್ತರಿಸು ಎಂದು ಕವಿ ಹೇಳುತ್ತಾನೆ. 'ಕಾರ್ಪೆ' ಎಂಬುದು ಮಾಗಿದ ಹಣ್ಣನ್ನು, ಅರಳಿದ ಹೂವನ್ನು ಬಿಡಿಸುವಾಗ ಬಳಸುವ ಮಾತು. ಅದರಲ್ಲಿ ಕಿತ್ತುಕೊಳ್ಳುವ ಆತುರವಿಲ್ಲ. ಇಲ್ಲಿ ಯಾರಿಗೂ ನಷ್ಟವಿಲ್ಲ, ನಾಳೆಯ ಭಯಕ್ಕೆ ಇಂದನ್ನು ಬಲಿ ಕೊಡಬೇಡ ಎಂಬಷ್ಟೇ ಸಲಹೆ. ಭವಿಷ್ಯ ಕೇಳಲು ಹೋಗುವವರಿಗೆ ನಮ್ಮ ಗುರುಗಳು ಹೇಳುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇನ್ನೊಂದು ಪದ್ಯ ಇಂಗ್ಲೆಂಡಿನ ಆಂಡ್ರ್ಯೂ ಮಾರ್ವೆಲ್‌ನದು. ಅವನು ತೀರಿಕೊಂಡ ಮೇಲೆ 1681ರಲ್ಲಿ ಅಚ್ಚಾಯಿತು. ಒಬ್ಬ ಗಂಡಸು ಹಿಂಜರಿಯುವ ಹೆಣ್ಣನ್ನು ಒಲಿಸಲು ವಕೀಲನ ಹಾಗೆ ಮೂರು ಹೆಜ್ಜೆಯಲ್ಲಿ ವಾದಿಸುತ್ತಾನೆ. ಕಾಲ ಬೇಕಾದಷ್ಟು ಇದ್ದರೆ ನೀನು ಕಾಯಿಸುವುದರಲ್ಲಿ ತಪ್ಪಿಲ್ಲ. ಆದರೆ ಕಾಲವಿಲ್ಲ. ಆದ್ದರಿಂದ ಈಗಲೇ ಒಪ್ಪಿಕೋ. ಕೇಳಲು ಸರಿಯಾಗಿಯೇ ಇದೆ. ಇದೇ ವಾದವನ್ನು ಬೇರೆ ಕಡೆ ಇಟ್ಟು ನೋಡಿ: ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಮಳೆ ಬಂದಿಲ್ಲ, ಆದ್ದರಿಂದ ಅಂಗಳ ಒದ್ದೆಯಾಗಿಲ್ಲ. ಯಾರಾದರೂ ಬೆಳಿಗ್ಗೆ ನೀರು ಚಿಮುಕಿಸಿರಬಹುದಲ್ಲ! ಹಾಗೆಯೇ ಕಾಲ ಕಡಿಮೆಯಿದ್ದರೂ 'ಬೇಡ' ಎನ್ನಲು ಆ ಹೆಣ್ಣಿಗೆ ಬೇರೆ ಕಾರಣಗಳಿರಬಹುದು. ಪದ್ಯದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಇನ್ನೂ ಗಮನಿಸಬೇಕಾದದ್ದು ಎರಡನೇ ಹೆಜ್ಜೆ. ಅಲ್ಲಿ ಅವನು ಅವಳಿಗೆ ಗೋರಿಯನ್ನೂ ಹುಳುಗಳನ್ನೂ ತೋರಿಸಿ ಹೆದರಿಸುತ್ತಾನೆ. ಅಂದರೆ ಮರಣದ ನೆನಪನ್ನೇ ತನ್ನ ಆಸೆಗೆ ದುಡಿಸಿಕೊಳ್ಳುತ್ತಾನೆ. ಕವಿತೆಯಾಗಿ ಅದು ಬಲು ಜಾಣತನದ ಕೆಲಸ, ನಾನು ಅಲ್ಲಗಳೆಯುವುದಿಲ್ಲ.

ಈ ಬಗೆಯ ವಾದ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಈ ಕವಿಗಿಂತ ಬಹಳ ಮೊದಲೇ ಕಂಡವರೊಬ್ಬರಿದ್ದಾರೆ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಜ್ಞಾನಗ್ರಂಥದ ಎರಡನೇ ಅಧ್ಯಾಯವನ್ನು ದಯವಿಟ್ಟು ಮನೆಯಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲಿ ದೈವಭಕ್ತಿಯಿಲ್ಲದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಬಾಳು ಅಲ್ಪ, ನೆರಳಿನಂತೆ ಸರಿದುಹೋಗುತ್ತದೆ ಎನ್ನುತ್ತಾರೆ. ಐದನೇ ವಚನದವರೆಗೆ ಓದಿದರೆ ಯಾವ ಸಂತನೂ ಬರೆದಿರಬಹುದು ಅನಿಸುತ್ತದೆ. ಆರನೆಯದರಿಂದ ದ್ರಾಕ್ಷಾರಸ, ಸುಗಂಧ, ಬಾಡುವ ಮೊದಲು ಮುಡಿಯಬೇಕಾದ ಗುಲಾಬಿ ಮೊಗ್ಗು ಎಲ್ಲ ಬರುತ್ತವೆ. ಇಲ್ಲಿಯವರೆಗೂ ಹೊರಾಸ್ ಹೆಚ್ಚು ಕಡಿಮೆ ಜೊತೆಗಿರುತ್ತಾನೆ. ಹತ್ತನೇ ವಚನದಲ್ಲಿ ಮಾತು ತಟ್ಟನೆ ತಿರುಗುತ್ತದೆ. ಬಡವನಾದ ಸಜ್ಜನನನ್ನು ತುಳಿಯೋಣ, ವಿಧವೆಯನ್ನು ಬಿಡಬೇಡ, ಮುದುಕನ ನರೆಗೂದಲಿಗೆ ಮರ್ಯಾದೆ ಬೇಡ ಎನ್ನುತ್ತಾರೆ. ಹನ್ನೊಂದರಲ್ಲಿ ತಮ್ಮ ಬಲವೇ ನ್ಯಾಯ ಎಂದು ತೀರ್ಮಾನಿಸುತ್ತಾರೆ.

ಗುಲಾಬಿಯಿಂದ ವಿಧವೆಯ ಮನೆಗೆ ಎರಡೇ ವಚನಗಳ ದಾರಿ. ಹೇಗೆ? ಬಾಳು ಅಲ್ಪವೆಂಬ ಮಾತಿನ ಪಕ್ಕದಲ್ಲಿ ಇನ್ನೊಂದು ಮಾತು ಕುಳಿತಿದೆ: ಸತ್ತ ಮೇಲೆ ಏನೂ ಇಲ್ಲ, ನಾವು ಮಾಡಿದ್ದನ್ನು ಯಾರೂ ನೆನೆಯುವುದಿಲ್ಲ, ಲೆಕ್ಕ ಕೇಳುವವರಿಲ್ಲ. ಕೆಲಸ ಮಾಡಿಸಿದ್ದು ಈ ಎರಡನೇ ಮಾತು. ಗ್ರಂಥಕರ್ತನು ಅವರ ಆಲೋಚನೆ ತಪ್ಪೆಂದು ಮೊದಲ ವಚನದಲ್ಲೇ ಹೇಳುತ್ತಾನೆ, ಆದರೆ ಬಾಳು ಉದ್ದವಾಗಿದೆ ಎಂದು ಎಲ್ಲಿಯೂ ವಾದಿಸುವುದಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಅರಸನು ತಾನೂ ಅಲ್ಪಾಯುಷಿ ಎಂದು ಒಪ್ಪಿಕೊಂಡು, ಆ ಕಾರಣಕ್ಕೇ ವಿವೇಕಕ್ಕಾಗಿ ಬೇಡಿಕೊಳ್ಳುತ್ತಾನೆ. ಮೊದಲ ಮಾತು ಅದೇ, ಎರಡನೇ ಮಾತು ಬೇರೆ. ಅದಕ್ಕೇ ಒಬ್ಬರ ಕೈ ವಿಧವೆಯ ಮೇಲೆ ಏಳುತ್ತದೆ, ಇನ್ನೊಬ್ಬನ ಕೈ ಪ್ರಾರ್ಥನೆಗೆ ಜೋಡುತ್ತದೆ.

ಮರಣವನ್ನು ನೆನಪಿಸುವ ಪದ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಸ್ಪೇನಿನ ಹೊರ್ಹೆ ಮನ್ರಿಕೆ 1476ರಲ್ಲಿ ತೀರಿಕೊಂಡ ತನ್ನ ತಂದೆಗಾಗಿ ನಲವತ್ತು ಪದ್ಯಗಳ ಶೋಕಗೀತೆ ಬರೆದ. ಅರಸರೂ ಅವರ ವೈಭವವೂ ಎಲ್ಲಿ ಹೋದವೆಂದು ಕೇಳುತ್ತಾ ಹೋಗುವ ಕವಿ, ಕೊನೆಗೆ ಮರಣವೇ ತಂದೆಯ ಬಾಗಿಲಿಗೆ ಬಂದು ಮರ್ಯಾದೆಯಿಂದ ಮಾತಾಡಿಸುವುದನ್ನು ತೋರಿಸುತ್ತಾನೆ. ತಂದೆ ಒಪ್ಪಿಕೊಳ್ಳುತ್ತಾನೆ. ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಸೇವಕರು ಸುತ್ತಲೂ ಇರುವಾಗ ಪ್ರಾಣ ಬಿಡುತ್ತಾನೆ. ಓದುವವರಿಗೆ ಭಯವಾಗುವುದಿಲ್ಲ, ತಮ್ಮ ಮನೆಯನ್ನು ಸರಿಮಾಡಿಕೊಳ್ಳಬೇಕು ಅನಿಸುತ್ತದೆ. ಆದರೆ ಇದೇ ನೆನಪನ್ನು ಚಾಟಿಯಾಗಿ ಬೀಸಿ, ನಾಳೆ ಸಾಯುತ್ತೀಯ, ಈಗಲೇ ಕೊಡು ಎಂದು ಜನರಿಂದ ಹಣ ಕೀಳುವವರೂ ಇದ್ದಾರೆ. ಹೊರಗಿನವರಷ್ಟೇ ಎಂದು ನಾವು ಸಮಾಧಾನ ಪಡಬೇಕಾಗಿಲ್ಲ.

ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚುವಾಗ ಗುರುಗಳು ಹೇಳಲು ಪೂಜಾಗ್ರಂಥ ಎರಡು ವಾಕ್ಯಗಳನ್ನು ಕೊಡುತ್ತದೆ. ಒಂದು ನಾವು ಮಣ್ಣೆಂದು ನೆನಪಿಸುವುದು. ಇನ್ನೊಂದು ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬಲು ಕರೆಯುವುದು. ಎರಡರಲ್ಲಿ ಒಂದನ್ನು ಆರಿಸಿ ಹೇಳಬಹುದು. ನನಗಂತೂ ಚಿಕ್ಕಂದಿನಿಂದ ಮೊದಲನೆಯದೇ ಮೈ ಜುಮ್ಮೆನಿಸುವ ಮಾತು. ಆದರೆ ಮಣ್ಣಾಗುತ್ತೇನೆಂದು ತಿಳಿದವನು ಮುಂದೆ ಏನು ಮಾಡಬೇಕೆಂಬುದು ಎರಡನೆಯದರಲ್ಲಿದೆ.

ಹೀಗಾಗಿ ಯಾರಾದರೂ ಬಾಳು ಮೂರು ದಿನದ್ದು ಎಂದಾಗ ನಾನೀಗ 'ಆದ್ದರಿಂದ' ಎಂಬಲ್ಲಿ ಕಿವಿ ಕೊಡುತ್ತೇನೆ. ಅವಸರ ಯಾರದು? ಆ ಅವಸರದಿಂದ ಕೈ ತುಂಬುವುದು ಹೇಳುವವನದೋ ಕೇಳುವವನದೋ? ಒಂದು ದಿನ ತಡವಾದರೆ ಕೆಡುವುದು ಯಾರ ಕೆಲಸ? ಸಾಲ ತೀರಿಸಲು ಬಂದ ಹಿರಿಯರು ತಮ್ಮನ್ನೇ ಅವಸರಪಡಿಸಿಕೊಂಡಿದ್ದರು. ಪತ್ರ ತಂದವರು ಚಿಕ್ಕಮ್ಮನನ್ನು ಅವಸರಪಡಿಸಿದರು.

ಚಿಕ್ಕಮ್ಮ ಕವಿತೆ ಓದಿದವರಲ್ಲ. ಅಂದು ಪತ್ರವನ್ನು ತೆಗೆದುಕೊಂಡು, "ಮಗ ಬರ್ಲಿ, ಓದಿಸಿ ನೋಡ್ತೀನಿ. ಈಗ ಊಟಕ್ಕೆ ಏಳಿ" ಎಂದರು. ಮಗ ಬಂದು ಓದಿದ. ಮನೆಯ ಹಿಂದಿನ ಜಾಗವೂ ಅದರಲ್ಲಿ ಸೇರಿತ್ತು. ಪತ್ರ ಇನ್ನೂ ಬೀರುವಿನಲ್ಲಿ ಮಡಚಿಟ್ಟ ಹಾಗೇ ಇದೆ.