‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’

ನಿಮ್ಮ ಮೊಹಲ್ಲಾದ ವಾಟ್ಸಾಪ್ ಗುಂಪಿನಲ್ಲಿ ಸುಳ್ಳು ಸುದ್ದಿಯೊಂದು ಬಂತೆಂದಿಟ್ಟುಕೊಳ್ಳಿ. ಹಾಕಿದವರನ್ನು ಕೇಳಿದರೆ, “ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ” ಎನ್ನುತ್ತಾರೆ. ಈ ಉತ್ತರ ಅವರನ್ನು ಹೊಣೆಯಿಂದ ಮುಕ್ತಗೊಳಿಸುತ್ತದೆಯೇ?

ಹಝ್ರತ್ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲಾದ ಘಟನೆಯನ್ನು ನೆನಪಿಸಿಕೊಳ್ಳಿ. ಸುಳ್ಳನ್ನು ಹುಟ್ಟಿಸಿದವರು ಕಪಟಿಗಳು. ಆದರೆ ಅದನ್ನು ಮನೆಯಿಂದ ಮನೆಗೆ ದಾಟಿಸಿದವರಲ್ಲಿ ವಿಶ್ವಾಸಿಗಳೂ ಇದ್ದರು. ತಮಗೆ ತಿಳಿಯದ ಸಂಗತಿಯನ್ನು ಬಾಯಿಂದ ಬಾಯಿಗೆ ಹರಡಿ, ಅದನ್ನು ಕ್ಷುಲ್ಲಕವೆಂದು ಭಾವಿಸಿದ್ದಕ್ಕಾಗಿ ಸೂರಃ ಅನ್ನೂರ್‌ನಲ್ಲಿ ಅವರನ್ನು ಕಠಿಣವಾಗಿ ಎಚ್ಚರಿಸಲಾಯಿತು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳನಾಗಲು ಸಾಕೆಂಬ ಪ್ರವಾದಿವರ್ಯರ(ಸ) ಬೋಧನೆಯೂ ನಮಗೆ ತಿಳಿದಿದೆ.

ದಾಟಿಸುವುದರ ಬೆಲೆಯೇನೆಂಬುದನ್ನು ನಮ್ಮ ನಾಡೇ ಕಂಡಿದೆ. 2018ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಸ್ನೇಹಿತರಲ್ಲೊಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂಶಯ ಎದ್ದಿತು. ಅವರು ಕಾರು ಹತ್ತಿ ಹೊರಟರು. ಆದರೆ ಅವರಿಗಿಂತ ಮೊದಲೇ ಸಂದೇಶವು ಮುರ್ಕಿ ಗ್ರಾಮವನ್ನು ತಲುಪಿತ್ತು. ಜನ ದಾರಿಗೆ ಅಡ್ಡವಾಗಿ ನಿಂತರು. ಆ ಸ್ನೇಹಿತರಲ್ಲಿ ಒಬ್ಬ ಯುವಕ ಕೊಲೆಯಾದ. ಸಂದೇಶ ಕಳಿಸಿದ ಪ್ರತಿಯೊಬ್ಬನೂ ಮಕ್ಕಳನ್ನು ಉಳಿಸುತ್ತಿದ್ದೇನೆಂದೇ ಭಾವಿಸಿರಬಹುದು. ಸದುದ್ದೇಶವು ವಿಚಾರಿಸುವ ಹೊಣೆಯನ್ನು ಇಳಿಸುವುದಿಲ್ಲ. ಸುದ್ದಿ ಬಂದಾಗ ಪರಿಶೀಲಿಸಿರೆಂದು ಸೂರಃ ಅಲ್ ಹುಜುರಾತ್ ಆಜ್ಞಾಪಿಸುವುದು ತಿಳಿಯದೆ ಇನ್ನೊಬ್ಬರಿಗೆ ಹಾನಿಯಾಗದಿರಲೆಂದೇ.

ಹಾಗಾದರೆ ಮೊಹಲ್ಲಾದ ಗುಂಪಿಗೆ ಯಾವ ನಿಯಮ ಬೇಕು? ಮೊದಲನೆಯದು, ತನಗೆ ನೇರವಾಗಿ ಗೊತ್ತಿರುವುದನ್ನು ಮಾತ್ರ ತನ್ನದೇ ಮಾತಿನಲ್ಲಿ ಬರೆಯುವುದು. ಒಂದು ಉದಾಹರಣೆ ನೋಡಿ. “ಇಂದು ತುರ್ತಾಗಿ ರಕ್ತ ಬೇಕು” ಎಂಬ ಸಂದೇಶ ಬರುತ್ತದೆ. ಯಾವ ಇಂದು? ಅದು ಎರಡು ವರ್ಷ ಹಿಂದಿನ ‘ಇಂದು’ ಆಗಿರಬಹುದು. ನಿಯಮವಿದ್ದರೆ, ಕಳಿಸುವವರು ಮೊದಲು ರೋಗಿಯ ಮನೆಯವರಿಗೆ ಫೋನ್ ಮಾಡುತ್ತಾರೆ, ತಾರೀಕು ಮತ್ತು ಆಸ್ಪತ್ರೆಯ ಹೆಸರು ಬರೆಯುತ್ತಾರೆ, ರಕ್ತ ಸಿಕ್ಕಿದ ಮೇಲೆ ಹಾಗೆಂದು ತಿಳಿಸುತ್ತಾರೆ. ಹಾಗೆಯೇ ರಮಝಾನಿನ 29ರ ಸಂಜೆ ಚಂದ್ರದರ್ಶನದ ಸುದ್ದಿಯನ್ನು ಖಾಝಿಯವರ ತೀರ್ಮಾನ ತಿಳಿದ ಬಳಿಕ ಜಮಾಅತ್ತಿನ ಕಾರ್ಯದರ್ಶಿ ಮಾತ್ರ ಹಾಕಲಿ.

ಎರಡನೆಯದು ರಾಜಕೀಯ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೊನೆಯ ದಿನ ಯಾವುದೆಂಬುದು ಎಲ್ಲರಿಗೂ ಬೇಕಾದ ಮಾಹಿತಿ. ಇಂಥ ಪಕ್ಷಕ್ಕೇ ಮತ ಕೊಡಿರೆಂಬುದು ಜಗಳದ ಬೀಜ. ಈ ಗೆರೆಯನ್ನು ಮೊದಲೇ ಬರೆದಿಡಬೇಕು. ಆದರೆ ಒಂದು ಎಚ್ಚರಿಕೆ: ಮಸೀದಿಯ ಲೆಕ್ಕ ಕೇಳಿದವರನ್ನು ‘ರಾಜಕೀಯ ಬೇಡ’ ಎಂದು ಬಾಯಿ ಮುಚ್ಚಿಸಲು ಈ ನಿಯಮವನ್ನು ಬಳಸಬಾರದು. ಲೆಕ್ಕದ ಉತ್ತರವನ್ನು ಜಮಾಅತ್ತಿನ ಸಭೆಯಲ್ಲಿ ಕೊಡಲೇಬೇಕು.

ಮೂರನೆಯದು ಪಂಥದ ವಾದ. ಶಾಫಿಈ ಮದ್‌ಹಬಿನವರು ಸುಬಹ್ ನಮಾಝಿನಲ್ಲಿ ಕುನೂತ್ ಓದುತ್ತಾರೆ, ಹನಫಿಗಳು ವಿತ್ರ್‌ನಲ್ಲಿ ಓದುತ್ತಾರೆ. ಶತಮಾನಗಳಿಂದ ವಿದ್ವಾಂಸರು ಪರಸ್ಪರ ಗೌರವದಿಂದ ಭಿನ್ನಾಭಿಪ್ರಾಯ ಹೊಂದಿರುವ ಇಂಥ ವಿಷಯ ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಇತ್ಯರ್ಥವಾಗದು. ಪ್ರಶ್ನೆ ಇದ್ದವರು ಖತೀಬರ ಬಳಿ ಕುಳಿತು ಕೇಳಲಿ.

ನಿಯಮ ಮುರಿದವರನ್ನು ಏನು ಮಾಡಬೇಕು? ಅಳಿಸಿದರೆ ಸಾಲದು. ಸಂದೇಶ ಅಷ್ಟರಲ್ಲಿ ಬೇರೆ ಗುಂಪುಗಳಿಗೆ ಹೋಗಿರುತ್ತದೆ. ಹಾಕಿದವರೇ ಅದೇ ಗುಂಪಿನಲ್ಲಿ “ಅದು ತಪ್ಪು, ಮುಂದೆ ಕಳಿಸಿದವರು ಅಲ್ಲಿಯೂ ತಿಳಿಸಿ” ಎಂದು ಬರೆಯಲಿ. ಅದರಾಚೆಗೆ ಅವರನ್ನು ಎಲ್ಲರೆದುರು ಹೀಯಾಳಿಸುವುದು ಬೇಡ. ಗುಂಪಿನ ಹೊಣೆ ಹೊತ್ತವರು ಅವರನ್ನು ಪ್ರತ್ಯೇಕವಾಗಿ ಕಂಡು ಹೇಳಲಿ.

ಆಯಿಶಾ(ರ)ರ ಮೇಲಿನ ಅಪವಾದವನ್ನು ದಾಟಿಸಿದವರಲ್ಲಿ ಮಿಸ್ತಹ್(ರ) ಒಬ್ಬರು. ಅವರು ಬಡವರು, ಅಬೂಬಕರ್(ರ)ರ ಬಂಧು, ಅವರ ನೆರವಿನಿಂದಲೇ ಬದುಕುತ್ತಿದ್ದವರು. ಮಗಳ ಮಾನಕ್ಕೆ ಧಕ್ಕೆ ತಂದವನಿಗೆ ಇನ್ನು ನೆರವು ಕೊಡೆನೆಂದು ಅಬೂಬಕರ್(ರ) ಆಣೆಯಿಟ್ಟರು. ಕ್ಷಮಿಸಿರೆಂಬ ವಚನ ಅವತೀರ್ಣವಾದಾಗ, ಅಲ್ಲಾಹನು ತನ್ನನ್ನು ಕ್ಷಮಿಸುವುದನ್ನು ಬಯಸುವೆನೆಂದು ಹೇಳಿ ನೆರವನ್ನು ಮತ್ತೆ ಆರಂಭಿಸಿದರು. ಮಿಸ್ತಹ್‌ಗೆ ಶಿಕ್ಷೆಯೂ ಆಯಿತು, ಬಾಗಿಲೂ ಮುಚ್ಚಲಿಲ್ಲ. ನಿಮ್ಮ ಗುಂಪಿನಿಂದ ಒಬ್ಬರನ್ನು ತೆಗೆದುಹಾಕುವ ಮುನ್ನ, ನಾಳೆ ಅದೇ ಸಫ್‌ನಲ್ಲಿ ಅವರ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದವರು ನೀವೆಂಬುದನ್ನು ಮರೆಯದಿರಿ.