ಎಂಟನೆಯ ಪುಟ

ಸವದತ್ತಿ ತಾಲ್ಲೂಕಿನಲ್ಲಿ ಕಾಲುವೆ ಪಕ್ಕದ ಒಂದು ಕರಿ ಹೊಲ, ಡಿಸೆಂಬರ್ ತಿಂಗಳ ಒಂದು ಮುಂಜಾನೆ. ಬೈಲಹೊಂಗಲದಲ್ಲಿ ಮಣ್ಣು ಪರೀಕ್ಷೆಯ ಸಣ್ಣ ಪ್ರಯೋಗಾಲಯ ನಡೆಸುವ ಹುಡುಗಿ ಬದುವಿನ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ, ಹೈಸ್ಕೂಲಿನಲ್ಲಿ ಆಕೆಗೆ ವಿಜ್ಞಾನ ಕಲಿಸಿದ, ಈಗ ನಿವೃತ್ತರಾಗಿರುವ ಮಾಸ್ತರು. ಜೂನ್‌ನಿಂದ ಆಕೆ 15 ದಿನಕ್ಕೊಂದು ಪುಟ ಬರೆದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ಮುಟ್ಟಿಸುತ್ತಿದ್ದಾಳೆ. ವರ್ಷಕ್ಕೆ 24 ಪುಟ ಎಂಬುದು ಆಕೆಯ ಲೆಕ್ಕ. ಹೊಲದ ಒಡೆಯ ಗೌಡರು ಇನ್ನೂ ಬಂದಿಲ್ಲ.

ತಂಗಿ: ಸರ್, ನಾ ಇಲ್ಲಿಗೇ ನಿಲ್ಲಸ್ತೀನ್ರಿ. 12 ಪುಟ ಆಗ್ಯಾವು, ಸಾಕು.

ಮಾಸ್ತರು: ಹೋದ ಸಲ ಸಿಕ್ಕಾಗ 24 ಅಂದಿದ್ದೆಲ್ಲ?

ತಂಗಿ: ಈ ಕಡ್ಲಿ ನೋಡ್ರಿ. ಬದುವಿನ ಬಾಜೂಕ ಎಷ್ಟು ಚಂದ ಬಂದೈತಿ. ನಡುವ ನೆಲ ಬೋಳು, ಮಣ್ಣಿನ ಮ್ಯಾಲ ಬೂದಿ ಚೆಲ್ಲಿದಂಗ ಬಿಳುಪು. ಸೆಪ್ಟೆಂಬರದಾಗ ಈ ಹೊಲದ ಮಣ್ಣು ನಾನ ಪರೀಕ್ಷೆ ಮಾಡಿದ್ನಿ. ಎಂಟನೇ ಪುಟದಾಗ ಬರದೇನಿ: ಇಸಿ 1.4 ಬಂದೈತಿ, 4ರ ಒಳಗ ಐತಿ, ಸವಳಿಲ್ಲ, ಕಡ್ಲಿ ಬಿತ್ತಬಹುದು ಅಂತ. ಗೌಡ್ರು ಅದನ್ನ ನಂಬಿ ಬಿತ್ಯಾರ.

ಮಾಸ್ತರು: ಪರೀಕ್ಷೆ ತಪ್ಪಾತೋ, ಲೆಕ್ಕ ತಪ್ಪಾತೋ?

ತಂಗಿ: ಯಂತ್ರ ತೋರಿಸಿದ್ದು ಖರೇನ ಐತ್ರಿ. ನಾನು ಅದನ್ನ ಓದಿದ್ದು ತಪ್ಪು. ಲವಣಕ್ಕ 4 ಅನ್ನೂ ಗೆರಿ ಐತೆಲ್ಲ, ಅದು ಬ್ಯಾರೆ ಪದ್ಧತಿದು. ಮಣ್ಣು ಕೆಸರಾಗೂವಷ್ಟ ನೀರು ಹಾಕಿ, ಆ ಕೆಸರಿನಿಂದ ನೀರು ಹೀರಿ ತಗದು ಅಳತಿ ಮಾಡಿದ್ರ ಬರೂ ಅಂಕಿಗೆ ಆ ಗೆರಿ ಹಾಕ್ಯಾರ. ನಮ್ಮಲ್ಲಿ ದಿನಾ ಮಾಡೂದು ಹಂಗಲ್ಲ. 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ನೀರು ಹಾಕಿ, ಅಲುಗಾಡಿಸಿ, ಅದ್ರಾಗ ಯಂತ್ರ ಅದ್ದತೀವಿ.

ಮಾಸ್ತರು: ಅಂದ್ರ ಒಂದ ಚಮಚ ಉಪ್ಪನ್ನ ಒಂದು ವಾಟಿ ಸಾರಿಗೆ ಹಾಕೂದಕ್ಕೂ ಮೂರು ವಾಟಿ ಸಾರಿಗೆ ಹಾಕೂದಕ್ಕೂ ಇರೂ ಫರಕು.

ತಂಗಿ: ಅದ ರೀ. ಇಂಥಾ ಜಿಗಟು ಕರಿ ಮಣ್ಣು 10 ಗ್ರಾಂ ಕೆಸರಾಗಾಕ ಸುಮಾರು 7.5 ಮಿಲಿಲೀಟರ್ ನೀರು ಕುಡೀತೈತಿ. ನಾನು ಹಾಕಿದ್ದು 25. ಮೂರು ಪಟ್ಟಿಗಿಂತ ಚೂರು ಹೆಚ್ಚಿಗಿ ತೆಳು ಆತು. 1.4ಕ್ಕ 3.3ರಿಂದ ಗುಣಿಸಿದ್ರ 4.6. ಗೆರಿ ದಾಟಿಬಿಟ್ಟೈತಿ. ಕಡ್ಲಿ ಮೊದಲ ಉಪ್ಪು ತಡಿಯೂ ಬೆಳಿ ಅಲ್ಲ. ಹತ್ತಿ ಹಾಕಿದ್ರ ಇಷ್ಟು ಹಾಳ ಆಗ್ತಿದ್ದಿಲ್ಲ.

ಮಾಸ್ತರು: ಆ ಗುಣಾಕಾರ ಎಲ್ಲಾ ಹೊಲಕ್ಕೂ ನಡೀತದ?

ತಂಗಿ: ಇಲ್ರಿ. ಮಸಾರಿ ಮಣ್ಣು ಕಡಿಮಿ ನೀರು ಕುಡೀತೈತಿ, ಅಲ್ಲಿ ಪಟ್ಟು ಬ್ಯಾರೆ. ಮಣ್ಣಿನಾಗ ಜಿಪ್ಸಂ ಇದ್ರ ಹೆಚ್ಚ ನೀರಿನಾಗ ಹೆಚ್ಚ ಕರಗತೈತಿ, ಆಗ ಗುಣಿಸಿದ ಅಂಕಿ ಖರೇದಕ್ಕಿಂತ ಮ್ಯಾಲ ಹೋಗತೈತಿ. ಹತ್ತರಾಗ ಎರಡು ಮಾದರಿಗರೆ ಕೆಸರು ಪದ್ಧತಿ ಮಾಡಿ ಹೊಂದಿಸಿ ನೋಡ್ಬೇಕು. ಪುಸ್ತಕದಾಗ ಓದಿದ್ನಿ. ಬರಿಯೂ ಹೊತ್ತಿನಾಗ ನೆನಪಾಗಲಿಲ್ಲ.

ಮಾಸ್ತರು: ಈಗೇನು ಮಾಡ್ತಿ?

ತಂಗಿ: ಎಂಟನೇ ಪುಟ ಕಳಿಸಿದ್ದ ಕಡೆಯಿಂದೆಲ್ಲಾ ತಗದು ಹಾಕ್ಬೇಕು ಅಂದ್ಕೊಂಡೇನಿ. ಗೌಡ್ರಿಗೆ ತಪ್ಪಾತು ಅಂತ ಹೇಳಿ ಬೀಜದ ರೊಕ್ಕ ಕೊಡ್ತೀನಿ. ಮುಂದ ಬರಿಯಾಂಗಿಲ್ಲ. ನಾಲ್ಕು ಊರಾಗ ಹೆಸರು ಮಾಡ್ಬೇಕಂತ ಸುರು ಮಾಡಿದ್ನಿ, ಹೆಸರು ಕೆಡಸಗೊಂಡೆ.

ಮಾಸ್ತರು: ಗೌಡ್ರಿಗೆ ಕೊಡೂದು ಕೊಡು, ಅದರಾಗ ನಾ ಮಾತಾಡೂದಿಲ್ಲ. ಆದ್ರ ಹೆಸರಿನ ಮಾತು ಬಂತಲ್ಲ, ಅಲ್ಲೇ ನಿಲ್ಲು. ಮೊದಲನೇ ಏಳು ಪುಟದಾಗ ಏನು ಬರದಿದ್ದಿ?

ತಂಗಿ: ಮಣ್ಣು ಹೆಂಗ ತಗೀಬೇಕು, ಸಾರಜನಕ ಅಂದ್ರೇನು, ಸಾವಯವ ಇಂಗಾಲ, ಎರೆಹುಳು ಗೊಬ್ಬರ, ಬೀಜೋಪಚಾರ...

ಮಾಸ್ತರು: ಅದರಾಗ ಒಂದರೆ ತಪ್ಪಾಗೂ ಮಾತು ಇತ್ತ?

ತಂಗಿ: ಎಲ್ಲಾ ಸರಿ ಮಾತ ರೀ.

ಮಾಸ್ತರು: ನಾ ಕೇಳಿದ್ದು ಅದಲ್ಲ. ತಪ್ಪು ಅಂತ ಯಾರರೆ ಒಂದಿನ ಬಂದು ತೋರಸಾಕ ಆಗೂವಂಥಾ ಮಾತು ಇತ್ತೇನು? ಸಾವಯವ ಇಂಗಾಲ ಚಲೋದು ಅಂತ ಬರದ್ರ ಯಾವ ಹೊಲ ಬಂದು ಸುಳ್ಳು ಅಂತೈತಿ? ಆ ಪುಟ ನೀ ಬರದ್ರೂ ಅಷ್ಟ, ಧಾರವಾಡದಾಗ ಕೂತು ಇನ್ನೊಬ್ಬಾಕಿ ಬರದ್ರೂ ಅಷ್ಟ. ಎಂಟನೇದು ಒಂದ ನೋಡು, ಈ ಹೊಲ, ಈ ಅಂಕಿ, ಈ ಬೆಳಿ ಅಂತ ತಾರೀಖು ಹಾಕಿ ಬರದದ್ದು. ಮೂರು ತಿಂಗಳಾದ ಮ್ಯಾಲ ಹೊಲ ಉತ್ತರ ಕೊಟ್ಟೈತಿ. ನಿನ್ನ 12 ಪುಟದಾಗ ಉತ್ತರ ಪಡಕೊಂಡದ್ದು ಅದೊಂದ.

ತಂಗಿ: ಸೋತ ಉತ್ತರ ರೀ.

ಮಾಸ್ತರು: ಹೌದು, ಸೋತದ್ದ. ಅದನ್ನ ಅಳಿಸಿದ್ರ ಉಳದ 11ಕ್ಕ ಏನು ಕಿಮ್ಮತ್ತು? ಅವು ಗೆದ್ದಾವಂತ ಯಾರು ಹೇಳಬೇಕು, ಯಾರೂ ಪರೀಕ್ಷೆ ಮಾಡಿಲ್ಲ. ಒಂದು ವರ್ಷ ಅಂತ ಯಾಕ ಇಟ್ಟಿ ನೀ?

ತಂಗಿ: ಒಂದು ವರ್ಷ ಬಿಡದಂಗ ಬರದ್ರ ಮಂದಿ ನೆನಪಿಟ್ಕೋತಾರ ಅಂತ.

ಮಾಸ್ತರು: ನನಗ ವರ್ಷ ಬ್ಯಾರೆ ಕಾರಣಕ್ಕ ಬೇಕು ಅನಸ್ತದ. ಮುಂಗಾರಿಯಾಗ ಹೇಳಿದ್ದು ಹಿಂಗಾರಿಯಾಗ ತಿಳೀತೈತಿ, ಹಿಂಗಾರಿಯಾಗ ಹೇಳಿದ್ದು ಸುಗ್ಗಿಯಾಗ. ಬರದ ಮಾತಿಗೆ ಹೊಲ ಸಾಕ್ಷಿ ಹೇಳೂವಷ್ಟು ದಿನ ಅದು. ಈ ಹೊಲದ ಉಪ್ಪು ಯಾವಾಗ ಮ್ಯಾಲ ಬರತೈತಿ?

ತಂಗಿ: ಬ್ಯಾಸಗ್ಯಾಗ ರೀ. ಕಾಲುವಿ ನೀರು ಬಸದು ಕೆಳಗಿನ ನೀರಿನ ಮಟ್ಟ ಏರಿರತೈತಿ. ಬಿಸಲಿಗೆ ನೆಲ ಆ ನೀರು ಎಳಕೊಂತೈತಿ, ನೀರು ಹಾರಿ ಹೋಗತೈತಿ, ಉಪ್ಪು ಮ್ಯಾಲ ಉಳೀತೈತಿ. ಏಪ್ರಿಲ್‌ದಾಗ ಎಲ್ಲಾಕಿಂತ ಹೆಚ್ಚು. ನಾ ಮಣ್ಣು ತಗದದ್ದು ಮಳಿ ಬಿದ್ದ ಮ್ಯಾಲ, ಮ್ಯಾಲಿನ ಉಪ್ಪು ಸ್ವಲ್ಪ ಕೆಳಗ ತೊಳದು ಹೋದಾಗ.

ಮಾಸ್ತರು: ಅಂದ್ರ ಏಪ್ರಿಲ್‌ದಾಗ ಇದ ಹೊಲಕ್ಕ ಮತ್ತ ಬರಬೇಕು. ಒಂದು ಪುಟ ತಾನ ಹುಟ್ಟಿತು. ಉಳದ 12ರಾಗ ಕಿತ್ತೂರಿನದು ಎಷ್ಟು?

ತಂಗಿ: ಮೂರು ಅಂದ್ಕೊಂಡೇನಿ. ಭತ್ತದ ಮ್ಯಾಲ.

ಮಾಸ್ತರು: ಕಿತ್ತೂರು ಕಡೆ ಮಳಿ ಹೆಚ್ಚು, ಉಪ್ಪು ತೊಳದು ಹೋಗತೈತಿ. ನಿನ್ನ ಕೈಯಾಗ ಸಿಕ್ಕ ಪ್ರಶ್ನೆ ಅಲ್ಲಿಲ್ಲ. ಅದು ಇರೂದು ಇಲ್ಲಿ, ನವಿಲುತೀರ್ಥದ ಅಣೆಕಟ್ಟಿನ ನೀರು ಹರಿಯೂ ಕಡೆ, ಸವದತ್ತಿ ರಾಮದುರ್ಗದ ಕರಿ ಹೊಲದಾಗ. ನಾಲ್ಕೂ ಊರಿಗೆ ಎಲ್ಲಾ ಹೇಳ್ತೀನಿ ಅಂದ್ರ ಯಾ ಊರಾಗೂ ನಿನ್ನ ಹುಡುಕ್ಕೊಂಡು ಬರೂದಿಲ್ಲ. ಪುತ್ತೂರಿನ ಅಡಿಕೆ ಪತ್ರಿಕೆ ನೋಡು. 1988ರಾಗ ಸುರು ಆದದ್ದು. ಹೆಸರಿನಾಗ ಒಂದ ಬೆಳಿ. ಶ್ರೀ ಪಡ್ರೆ ಮತ್ತ ಅವರ ಜೋಡಿಯವರು ತೋಟದವರ ಕೈಗೇ ಪೆನ್ನು ಕೊಟ್ರು, ಮಾಡಿದ್ದನ್ನ ಬರೀರಿ ಅಂದ್ರು. ಮಾಡಿದಾತನ ವಿಳಾಸ ಇದ್ರ ಓದಿದಾತ ಹೋಗಿ ನೋಡಿ ಬರಬಹುದು. ಹಂಗ ನೋಡಾಕ ಹೋಗೂವಂಥಾ ಬರಹಕ್ಕ ಹೆಸರು ಬರತೈತಿ. ಮೊದಲ ಹೆಸರು ಮಾಡಿ ಆಮ್ಯಾಲ ಹೊಲ ತೋರಸ್ತೀನಿ ಅಂದ್ರ ಆಗೂದಿಲ್ಲ.

ತಂಗಿ: ಇನ್ನೊಂದು ಹೇಳೂದೈತ್ರಿ. ಒಬ್ಬ ಗೊಬ್ಬರದ ಅಂಗಡಿಯವರು ಪುಟ ಅಚ್ಚು ಹಾಕಿಸೂ ಖರ್ಚು ನಾವ ಕೊಡ್ತೀವಿ ಅಂದಾರ. ಸವಳಿನ ಮಾತು ಬಂದಾಗ ಜಿಪ್ಸಂ ಹಾಕ್ರಿ ಅಂತ ಒಂದ ಸಾಲು ಇರಲಿ ಅಂದ್ರು.

ಮಾಸ್ತರು: ಈ ಮಣ್ಣಿಗೆ ಜಿಪ್ಸಂ ಬೇಕ?

ತಂಗಿ: ಇದರ ಪಿಎಚ್ 8.1 ರೀ. ಪಿಎಚ್ 8.5 ದಾಟಿ, ಮಣ್ಣಿನ ಕಣಕ್ಕ ಸೋಡಿಯಂ ಹತ್ತಿಕೊಂಡು, ನೀರು ಇಳಿಯೂದ ನಿಂತಾಗ ಜಿಪ್ಸಂ ಕೆಲಸ ಮಾಡತೈತಿ. ಅದು ಕರ್ಲು. ಇದು ಬರೇ ಉಪ್ಪು ಕೂಡಿದ್ದು. ಇದಕ್ಕ ಮೊದಲ ಬಸಿಗಾಲುವಿ ತಗೀಬೇಕು, ಆಮ್ಯಾಲ ಮಳಿ ನೀರು ನಿಲ್ಲಿಸಿ ಉಪ್ಪು ತೊಳೀಬೇಕು. ಹೋಗಾಕ ದಾರಿ ಇಲ್ಲದ ಏನು ಸುರುವಿದ್ರೂ ಉಪ್ಪು ಇಲ್ಲೇ ಇರತೈತಿ.

ಮಾಸ್ತರು: ಹಂಗಾರ ಆ ರೊಕ್ಕ ಬ್ಯಾಡ. ಬಸಿಗಾಲುವಿ ಮಾರೂ ಅಂಗಡಿ ಇಲ್ಲ, ಅದನ್ನ ಹೇಳಾಕ ನೀ ಒಬ್ಬಾಕಿ ಇದ್ದಿ.

ತಂಗಿ: ಆದ್ರ ತಪ್ಪು ಒಪ್ಪಿಕೊಂಡ್ರ ಮಂದಿ ಬಿಟ್ಟ ಹೋಗಾಂಗಿಲ್ಲ ಅಂತ ಹೆಂಗ ಹೇಳ್ತೀರಿ?

ಮಾಸ್ತರು: ಕೆಲವರು ಹೋಗ್ತಾರ. ಅದನ್ನ ಮುಚ್ಚಿ ಹೇಳೂದಿಲ್ಲ. ಎಷ್ಟು ಮಂದಿ ಓದಿದ್ರು ಅನ್ನೂದರ ಮ್ಯಾಲ ಕಣ್ಣಿಡಬ್ಯಾಡ, ಏನು ಕೇಳ್ಕೊಂತ ಬರ್ತಾರ ಅನ್ನೂದನ್ನ ನೋಡು. ಜೂನ್‌ದಾಗ ಏನು ಕೇಳ್ತಿದ್ರು?

ತಂಗಿ: ಯಾವ ಗೊಬ್ಬರ ಹಾಕೂಣು ಅಂತ. ಬರೇ ಅದ.

ಮಾಸ್ತರು: ತಪ್ಪು ಬರದ ಮ್ಯಾಲ ಒಬ್ಬರೆ ಮಣ್ಣಿನ ಚೀಲ ಹಿಡಕೊಂಡು ಬಂದು, ನಮ್ಮಲ್ಲೂ ಹಿಂಗ ಬಿಳುಪಾಗೇತಿ, ಆ 3.3 ನಮಗೂ ಹತ್ತತೈತೇನು ಅಂತ ಕೇಳಿದ್ರ ತಿಳ್ಕೋ. ಇನ್ನೊಂದು ಪ್ರಯೋಗಾಲಯದವರು ನೀವು ಹೆಂಗ ಹೊಂದಿಸಿದ್ರಿ ಅಂತ ಕೇಳಿದ್ರಂತೂ ಇನ್ನೂ ಚಲೋ. ನಿನ್ನ ಕೆಲಸದಾಗ ನಿನಗ ಹೆಸರು ಕೊಡಾವ್ರು ಅವರು.

(ಗೌಡರು ಎತ್ತಿನ ಹಗ್ಗ ಗೂಟಕ್ಕೆ ಕಟ್ಟಿ ಬಂದರು. ಹುಡುಗಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು, 1.4 ಮತ್ತು 4.6ರ ಲೆಕ್ಕವನ್ನೂ. ಅವರು ನಡುವೆ ಬಾಯಿ ಹಾಕದೆ ಕೇಳಿದರು.)

ಗೌಡರು: ಬರಿಯವ್ವ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಹೆಸರು, ಸರ್ವೆ ನಂಬರು ಹಾಕಬ್ಯಾಡ. ಸವಳು ಭೂಮಿ ಅಂತ ಒಮ್ಮೆ ಊರಾಗ ಮಾತು ಹಬ್ಬಿದ್ರ ನಾಳೆ ಲಾವಣಿಗೆ ಯಾರೂ ಕೇಳಾಂಗಿಲ್ಲ.

ತಂಗಿ: ಹಾಕಾಂಗಿಲ್ರಿ. ಕಾಲುವಿ ಬಾಜೂಕಿನ ಕರಿ ಹೊಲ ಅಂತ ಅಷ್ಟ ಬರೀತೀನಿ.

ಮಾಸ್ತರು: ನಾ ಈಗ ವಿಳಾಸ ಇರಬೇಕು ಅಂದಿದ್ದೆ, ಗೌಡ್ರ. ನಿಮ್ಮ ಮಾತಿನ ಮುಂದ ಅದು ನಿಲ್ಲೂದಿಲ್ಲ. ಗೆದ್ದ ತೋಟದ ವಿಳಾಸ ಬ್ಯಾರೆ, ಉಪ್ಪು ಎದ್ದ ಹೊಲದ ವಿಳಾಸ ಬ್ಯಾರೆ. ತಂಗಿ, ನೋಡಬೇಕು ಅಂದಾವ್ರು ನಿನ್ನ ಕೇಳಲಿ, ನೀ ಗೌಡ್ರನ್ನ ಕೇಳು.

ಗೌಡರು: ಅದಕ್ಕ ನನ್ನ ಒಪ್ಪಿಗಿ ಐತಿ. ಈಗ ನಾ ಒಂದು ಕೇಳ್ತೀನಿ. ಸೆಪ್ಟೆಂಬರದಾಗ ಮಣ್ಣು ಎಲ್ಲಿಂದ ತಗದಿದ್ದೆವ್ವ ನೀ?

ತಂಗಿ: ಹೊಲದ ತುಂಬ ಎಂಟು ಕಡೆ ರೀ. ಎಲ್ಲಾ ಕೂಡಿಸಿ, ಕಲಸಿ, ಒಂದು ಮಾದರಿ ಮಾಡಿದ್ನಿ. ಪದ್ಧತಿ ಹಂಗ ಐತಿ.

ಗೌಡರು: ಬದುವಿನ ಚಲೋ ಮಣ್ಣು, ನಡುವಿನ ಸವಳು ಮಣ್ಣು, ಎರಡೂ ಒಂದ ಬುಟ್ಟಿಯಾಗ?

ತಂಗಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹೌದ್ರಿ. ಹಂಗಾರ ನಡುವ 4.6 ಅಲ್ಲ, ಇನ್ನೂ ಹೆಚ್ಚೈತಿ. ಬದುವಿನ ಕಡೆ ಕಡಿಮಿ. ನಾ ಅಳದ ಅಂಕಿ ಈ ಹೊಲದಾಗ ಎಲ್ಲೂ ಇರಾಕಿಲ್ಲ.

ಗೌಡರು: ಹಂಗಾರ ಬಾ. ಕಡ್ಲಿ ಸತ್ತಲ್ಲಿಂದ ಒಂದು ಚೀಲ, ಬದುಕಿದಲ್ಲಿಂದ ಒಂದು ಚೀಲ. ಸಲಿಕಿ ಗಾಡ್ಯಾಗ ಐತಿ.

(ಹುಡುಗಿ ಚೀಲದ ಚೀಟಿಯ ಮೇಲೆ ತಾರೀಖು ಬರೆದಳು. ಮಾಸ್ತರು ಬದುವಿನಿಂದ ಕೆಳಗಿಳಿದು, ಬಿಳುಪು ಎಲ್ಲಿಂದ ಸುರುವಾಗುತ್ತದೆ ಎಂದು ಹೆಜ್ಜೆ ಎಣಿಸುತ್ತ ನಡೆದರು.)