ಐದನೇ ತಾರೀಖು

ಬಾಡಿಗೆ ತಡವಾದಾಗ ಬಾಡಿಗೆ ಕೇಳೋ ಹಕ್ಕು ಮನೆ ಮಾಲೀಕನಿಗೆ ಇದೆ. ಆದ್ರೆ ತಡ ಯಾಕಾಯ್ತು ಅಂತ ಕೇಳೋ ಹಕ್ಕು ಇದೆಯಾ? ಕಳೆದ ವಾರ ಒಂದು ವಾಟ್ಸಾಪ್ ಮೆಸೇಜ್ ಬರೆಯೋಕೆ ಕೂತಾಗ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ.

ನನ್ನದೊಂದು ಸಣ್ಣ ಫ್ಲ್ಯಾಟ್ ಇದೆ, ಸಾಲದ್ದು. ಬಾಡಿಗೆ ಇಪ್ಪತ್ತೆರಡು ಸಾವಿರ. ಪ್ರತಿ ತಿಂಗಳು 5ರೊಳಗೆ ಕೊಡಬೇಕು ಅಂತ ಅಗ್ರಿಮೆಂಟಿನಲ್ಲಿದೆ. ಬಾಡಿಗೆದಾರರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಬೆಂಗಳೂರಿನ ಪದ್ಧತಿಯಂತೆ ಅವರು ನನಗೆ ಸರ್, ನಾನು ಅವರಿಗೆ ಸರ್. ಜೂನ್ ಬಾಡಿಗೆ 9ಕ್ಕೆ ಬಂತು, ಜುಲೈದು 13ಕ್ಕೆ, ಆಗಸ್ಟಿನದು 18ಕ್ಕೆ.

ಮೂರು ಸಲವೂ 9ಕ್ಕೇ ಬಂದಿದ್ದರೆ ಸಂಬಳದ ದಿನ ಬದಲಾಗಿದೆ ಅಂದುಕೊಳ್ಳಬಹುದು. ತಾರೀಖು ಮುಂದಕ್ಕೆ ಹಾಕಿದರೆ ಮುಗೀತು. ಇಲ್ಲಿ ಪ್ರತಿ ತಿಂಗಳೂ ನಾಲ್ಕೈದು ದಿನ ಜಾರುತ್ತಾ ಹೋಗಿದೆ. ಮರೆವು ಇಷ್ಟು ಕ್ರಮವಾಗಿ ಬೆಳೆಯೋದಿಲ್ಲ. ಎಲ್ಲೋ ದುಡ್ಡು ಸಾಲುತ್ತಿಲ್ಲ ಅಂತ ನನಗೆ ಅನ್ನಿಸುತ್ತೆ.

ನಮ್ಮೂರಲ್ಲಿ ಕೈಗಡ ಕೇಳೋ ರೀತಿಯೇ ಬೇರೆ. ಅಪ್ಪ ದಾರೀಲಿ ಸಿಕ್ಕವರ ಹತ್ತಿರ ಮಳೆ ವಿಷಯ ಮಾತಾಡ್ತಿದ್ರು, ಬೆಳೆ ಹೇಗಿದೆ ಅಂತಿದ್ರು. ಸಾಲ ಅನ್ನೋ ಪದವೇ ಬರ್ತಿರಲಿಲ್ಲ, ಇಬ್ಬರಿಗೂ ಅರ್ಥವಾಗ್ತಿತ್ತು. ಗಡುವು ಸುಗ್ಗಿ. ಅವರ ಹೊಲ ಅಪ್ಪನ ಕಣ್ಣೆದುರೇ ಇತ್ತು, ಕಾರಣ ಕೇಳೋ ಪ್ರಮೇಯವೇ ಬರ್ತಿರಲಿಲ್ಲ. ಈ ಬಾಡಿಗೆದಾರರ ‘ಹೊಲ’ ನನಗೆ ಕಾಣೋದಿಲ್ಲ. ಕೆಲಸ ಹೋಗಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು. ‘ಯಾಕೆ ಲೇಟು?’ ಅಂತ ಕೇಳಿದರೆ ಅವರು ಒಂದೋ ಸುಳ್ಳು ಹೇಳಬೇಕು, ಇಲ್ಲಾ ನನ್ನೆದುರು ಬದುಕನ್ನು ಬಿಚ್ಚಿಡಬೇಕು. ಅಗ್ರಿಮೆಂಟಿನಲ್ಲಿ ಅವರು ಬರೆದುಕೊಟ್ಟಿರೋದು ದುಡ್ಡು ಮತ್ತು ತಾರೀಖು, ಅಷ್ಟೇ.

ನನ್ನ ಇಎಂಐ ಕಥೆಯೂ ಮೆಸೇಜಿನಲ್ಲಿ ಬೇಡ ಅನ್ನಿಸಿತು. ಅದು 7ಕ್ಕೆ ಕಟ್ ಆಗುತ್ತೆ ಅನ್ನೋದು ನಿಜ. ಆದ್ರೆ ಸಾಲ ನನ್ನದು. ಇಎಂಐ ಇದೆ ಅಂತ ಬಾಡಿಗೆ ಕೊಡಬೇಕು ಅನ್ನೋದಾದ್ರೆ, ಸಾಲವಿಲ್ಲದ ಮಾಲೀಕನಿಗೆ ತಡವಾಗಿ ಕೊಟ್ಟರೂ ನಡೆಯುತ್ತೆ ಅಂತಾಯ್ತು. ಡಿಪಾಸಿಟ್ ಹೆಸರೆತ್ತೋದಂತೂ ಇನ್ನೂ ಕೆಟ್ಟದ್ದು. ಬಾಡಿಗೆ ಪೂರ್ತಿ ಬಂದಿರುವಾಗ ಅದನ್ನು ನೆನಪಿಸಿದರೆ, ಅವರ ದುಡ್ಡು ಇಟ್ಟುಕೊಂಡು ಅವರನ್ನೇ ಹೆದರಿಸಿದ ಹಾಗೆ.

ಹಾಗಂತ ಸುಮ್ಮನಿರೋದು ಸಭ್ಯತೆಯಾ? ‘ಪರವಾಗಿಲ್ಲ ಬಿಡಿ’ ಅನ್ನೋದು ನಮ್ಮ ಕನ್ನಡಿಗರ ಬಾಯಲ್ಲಿ ಬಹಳ ಸಲೀಸು. ಬಾಯಲ್ಲಿ ಪರವಾಗಿಲ್ಲ, ಒಳಗೆ ಲೆಕ್ಕ. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಮನೆ ಖಾಲಿ ಮಾಡಿ ಅಂದ್ರೆ, ಆ ಮನುಷ್ಯನಿಗೆ ತಿದ್ದಿಕೊಳ್ಳೋಕೆ ಅವಕಾಶವೇ ಸಿಗೋದಿಲ್ಲ. ಕಾನೂನಿನಲ್ಲೂ ಮೌನಕ್ಕೆ ಬೆಲೆ ಇದೆ. ಬರಬೇಕಾದವನು ತಾನೇ ಗಡುವು ಸಡಿಲಿಸಬಹುದು ಅಂತ 1872ರ ಕರಾರು ಕಾಯ್ದೆಯ 63ನೇ ಕಲಂ ಹೇಳುತ್ತೆ. ಪ್ರತಿ ತಿಂಗಳೂ ಮಾತಾಡದೆ ತಗೊಳ್ತಾ ಹೋದರೆ, ನೀವು ಒಪ್ಪಿದ್ದಿರಿ ಅನ್ನೋ ವಾದಕ್ಕೆ ಮುಂದೆ ಜಾಗ ಸಿಗುತ್ತೆ. ಕೋರ್ಟಿನ ಮಾತು ಬಿಡಿ, ಪಾಪ, ಅವರಾದರೂ ಇನ್ನೇನು ಅಂದುಕೊಳ್ಳಬೇಕು?

ಕೊನೆಗೆ ಬರೆದದ್ದು ಇದು:

“ನಮಸ್ಕಾರ ಸರ್. ಬಾಡಿಗೆ ಪ್ರತಿ ತಿಂಗಳು 5ರೊಳಗೆ ಅಂತ ಮಾತಾಗಿತ್ತು. ಜೂನ್ 9, ಜುಲೈ 13, ಆಗಸ್ಟ್ 18ಕ್ಕೆ ಬಂದಿದೆ. ಮೂರೂ ಪೂರ್ತಿ ಸಿಕ್ಕಿದೆ, ಬಾಕಿ ಏನೂ ಇಲ್ಲ. ತಡವಾಗಿ ಬಂದದ್ದನ್ನು ತಗೊಂಡಿದ್ದೇನೆ, ಆದ್ರೆ ತಾರೀಖು ಬದಲಾಗಿಲ್ಲ. ಸೆಪ್ಟೆಂಬರ್‌ನಿಂದ ದಯವಿಟ್ಟು 5ರೊಳಗೆ ಕಳಿಸಿ. ಬೇರೆ ತಾರೀಖು ಅನುಕೂಲ ಅನ್ನಿಸಿದ್ರೆ ಹೇಳಿ, ಮಾತಾಡಿ ಬರೆದಿಟ್ಟುಕೊಳ್ಳೋಣ. ಯಾವ ತಿಂಗಳಾದ್ರೂ ಆಗೋದಿಲ್ಲ ಅನ್ನಿಸಿದ್ರೆ 5ಕ್ಕೆ ಮೊದಲೇ ಒಂದು ಮಾತು ತಿಳಿಸಿ. ಭಾನುವಾರದೊಳಗೆ ಉತ್ತರ ಕೊಡಿ.”

‘ಬಾಕಿ ಏನೂ ಇಲ್ಲ’ ಅನ್ನೋದನ್ನು ಬೇಕಂತಲೇ ಸೇರಿಸಿದೆ. ಅವರು ಕೊಟ್ಟಿದ್ದಾರೆ, ಅದನ್ನು ಹೇಳದೆ ತಡವನ್ನಷ್ಟೇ ಹೇಳಿದರೆ ಲೆಕ್ಕ ಅರ್ಧ. ‘ಆದಷ್ಟು ಬೇಗ’ ಅಂತ ಬರೆಯಲಿಲ್ಲ, ಯಾಕಂದ್ರೆ ಅದರ ಅರ್ಥ ನನಗೊಂದು, ಅವರಿಗೊಂದು. ಹಲ್ಲು ತೋರಿಸೋ ಇಮೋಜಿಯನ್ನೂ ಹಾಕಲಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತೆ. ಎಷ್ಟೇ ಮೆತ್ತಗೆ ಬರೆದರೂ ಕೀಲಿಕೈ ನನ್ನದು, ಡಿಪಾಸಿಟ್ಟೂ ನನ್ನ ಹತ್ತಿರವೇ ಇದೆ. ‘ಮಾತಾಡೋಣ’ ಅಂತ ಮಾಲೀಕ ಬರೆದರೆ ಓದೋರಿಗೆ ಅದು ಅರ್ಧ ಆಜ್ಞೆ.

ಶನಿವಾರ ರಾತ್ರಿ ಉತ್ತರ ಬಂತು. “ಸರ್, 10ನೇ ತಾರೀಖು ಮಾಡ್ಕೋಬಹುದಾ?” ಕಾರಣ ಬರೆದಿರಲಿಲ್ಲ. ಆಗಲಿ ಅಂತ ಬರೆದೆ, ಅಗ್ರಿಮೆಂಟಿನ ಎರಡೂ ಪ್ರತಿಯಲ್ಲಿ ತಿದ್ದಿ ಇಬ್ಬರೂ ಸಹಿ ಹಾಕಿದೆವು. ಸಹಿ ಹಾಕುವಾಗ ಕಾರಣ ಕೇಳೋ ಆಸೆ ನಾಲಿಗೆ ತುದಿಗೆ ಬಂದಿತ್ತು. ಊರಲ್ಲಿ ಮಳೆ ಹೇಗಿದೆ ಅಂತ ಕೇಳಿದೆ.